ಇಪ್ಪತ್ತು ರೂಪಾಯಿ ವಿಮೆಯ ಆ ಒಂದು ಶಬ್ದ

ಕಳೆದ ವಾರ ನಮ್ಮ ಶಾಖೆಗೆ ಬಿ.ಕಾಂ ಕೊನೆಯ ವರ್ಷದ ಒಬ್ಬ ಹುಡುಗ ಬಂದಿದ್ದ. ಜತ್ತ ತಾಲೂಕಿನ ಪೂರ್ವ ಭಾಗದವನೇ. ಹತ್ತನೇತ್ತದ ತನಕ ಕನ್ನಡ ಶಾಲೆ, ಆಮೇಲೆ ಮರಾಠಿ-ಇಂಗ್ಲಿಷ್ ಕಾಲೇಜು. ನಮ್ಮಲ್ಲಿ ಬಹಳ ಜನರ ದಾರಿ ಇದೇ. "ಸರ್, ಕನ್ಸ್ಯೂಮರ್ ಬಿಹೇವಿಯರ್ ಅಸೈನ್‌ಮೆಂಟ್ ಕೊಟ್ಟಾರ್ರಿ. ಪ್ರಾದೇಶಿಕ ಭಾಷೆ ಜಾಹೀರಾತು ಸಣ್ಣ ಊರಿನ ಗಿರಾಕಿಗಳಲ್ಲಿ ವಿಶ್ವಾಸ ಯಾಕ ಹುಟ್ಟಸ್ತದ ಅಂತ ಬರೀಬೇಕು. ಬ್ಯಾಂಕಿನ ಉದಾಹರಣೆ ಏನರ ಇದ್ರ ಹೇಳ್ರಿ" ಅಂದ. ಕೈಯಲ್ಲಿ ಆಗಲೇ ನಾಲ್ಕು ಪುಟ ಬರೆದಿದ್ದ. ಮೊದಲ ಪುಟದಲ್ಲೇ 2017ರ ಕೆಪಿಎಂಜಿ-ಗೂಗಲ್ ವರದಿ: ಭಾರತೀಯ ಭಾಷೆಗಳ ಇಂಟರ್ನೆಟ್ ಬಳಕೆದಾರರಲ್ಲಿ ನೂರಕ್ಕೆ 88 ಮಂದಿ ಇಂಗ್ಲಿಷ್ ಜಾಹೀರಾತಿಗಿಂತ ತಮ್ಮ ಭಾಷೆಯ ಜಾಹೀರಾತಿಗೆ ಹೆಚ್ಚು ಸ್ಪಂದಿಸುತ್ತಾರೆ ಅನ್ನುವ ಆ ಪ್ರಸಿದ್ಧ ಅಂಕಿ.

ಅಂಕಿ ಸುಳ್ಳಲ್ಲ. ಆದರೆ ಅದು ಇಂಟರ್ನೆಟ್ ಬಳಸುವವರನ್ನು ಕೇಳಿ ಬರೆದದ್ದು, ಇಂಗ್ಲಿಷಿನ ಎದುರಿಗೆ ಅವರವರ ಭಾಷೆ ಇಟ್ಟು ಕೇಳಿದ್ದು. ನಮ್ಮ ಕಡೆ ಪ್ರಶ್ನೆ ಇಂಗ್ಲಿಷೋ ಕನ್ನಡವೋ ಅನ್ನುವುದಲ್ಲ. 'ಪ್ರಾದೇಶಿಕ ಭಾಷೆ' ಅಂತ ಕಂಪನಿಯವರು ಹೇಳಿದಾಗ ಅವರ ಮನಸ್ಸಿನಲ್ಲಿರುವ ಭಾಷೆ ಯಾವುದು ಅನ್ನುವುದು ಪ್ರಶ್ನೆ. ಜತ್ತದಲ್ಲಿ ಅದು ಮರಾಠಿ. ಮಂಜೇಶ್ವರದಲ್ಲಿ ಮಲಯಾಳಂ, ತಾಳವಾಡಿಯಲ್ಲಿ ತಮಿಳು, ಮಡಕಶಿರಾದಲ್ಲಿ ತೆಲುಗು. ಜಾಹೀರಾತಿನ ಬಜೆಟ್ಟು ರಾಜ್ಯದ ಗಡಿ ನೋಡಿ ಹಂಚಿಕೆ ಆಗುತ್ತದೆ, ಮನೆಯಲ್ಲಿ ಆಡುವ ಮಾತು ನೋಡಿ ಅಲ್ಲ. ಹಾಗಾಗಿ 'ಪ್ರಾದೇಶಿಕ ಭಾಷೆಯಲ್ಲಿ ಗ್ರಾಹಕರನ್ನು ತಲುಪಿದ್ದೇವೆ' ಅಂತ ಕಂಪನಿ ವರದಿ ಬರೆದುಕೊಂಡ ದಿನವೂ ನಮ್ಮ ಅವ್ವಂದಿರಿಗೆ ಆ ಬ್ಯಾನರು ಬರೀ ಚಿತ್ರ.

ಹುಡುಗನಿಗೆ ನಾವು ಹೇಳಿದ ಉದಾಹರಣೆಯನ್ನೇ ಇಲ್ಲಿ ಬರೆಯುತ್ತೇವೆ. ಅದರಲ್ಲಿ ನಮ್ಮ ತಪ್ಪೂ ಇದೆ.

ಎಲ್ಲ ಬ್ಯಾಂಕುಗಳಲ್ಲಿ ಎರಡು ಸರ್ಕಾರಿ ವಿಮೆಗಳಿವೆ. ಒಂದು ವರ್ಷಕ್ಕೆ 20 ರೂಪಾಯಿಯ ಸುರಕ್ಷಾ ಬಿಮಾ, ಇನ್ನೊಂದು 436 ರೂಪಾಯಿಯ ಜೀವನ್ ಜ್ಯೋತಿ ಬಿಮಾ. ಎರಡಕ್ಕೂ ಮೊತ್ತ ಎರಡೇ ಲಕ್ಷ. ಎರಡೂ ಖಾತೆಯಿಂದ ತಾವೇ ಕಡಿತವಾಗುತ್ತವೆ, ಎರಡೂ ಜೂನ್ 1ರಿಂದ ಮೇ 31ರ ತನಕ. ಪಾಸ್‌ಬುಕ್ಕಿನಲ್ಲಿ ಒಂದು PMSBY ಅಂತ, ಇನ್ನೊಂದು PMJJBY ಅಂತ ಅಚ್ಚಾಗುತ್ತದೆ. ವ್ಯತ್ಯಾಸ ಇರುವುದು ಒಂದೇ ಕಡೆ. 20 ರೂಪಾಯಿಯದು ಅಪಘಾತದಿಂದ ಸತ್ತರೆ ಅಥವಾ ಅಂಗ ಊನವಾದರೆ ಮಾತ್ರ. 436ರದು ಕಾಯಿಲೆ ಬಂದು ಸತ್ತರೂ ಸಿಗುತ್ತದೆ. ಹೊಸದಾಗಿ ಸೇರಿದ ಮೊದಲ 30 ದಿನ ಮಾತ್ರ ಅಪಘಾತ ಬಿಟ್ಟು ಬೇರೆ ಸಾವಿಗೆ ಇಲ್ಲ. ವಯಸ್ಸಿನ ಮಿತಿಯೂ ಬೇರೆ: 20ರದಕ್ಕೆ 18ರಿಂದ 70, 436ರದಕ್ಕೆ ಸೇರುವಾಗ 18ರಿಂದ 50.

ಕೆಲವು ವರ್ಷದ ಹಿಂದೆ ಒಂದು ಹಳ್ಳಿಯಲ್ಲಿ ಶಿಬಿರ ಮಾಡಿದ್ದೆವು. ಶಾಲೆಯ ಕಟ್ಟೆಯ ಮೇಲೆ ಮೇಜು, ಹಿಂದೆ ಮರಾಠಿ ಬ್ಯಾನರು, ಮುಂದೆ ಇಂಗ್ಲಿಷ್-ಹಿಂದಿ-ಮರಾಠಿಯ ಅರ್ಜಿ. ಬ್ಯಾನರಿನಲ್ಲಿ ಎಲ್ಲ ಸರಿಯಾಗೇ ಇತ್ತು, 'ಅಪಘಾತ' ಅನ್ನುವ ಶಬ್ದವೂ ಇತ್ತು. ಕನ್ನಡದಲ್ಲೂ ಅದೇ ಶಬ್ದ ನೋಡಿ, ಕಿವಿಗೆ ಬಿದ್ದರೆ ಎಲ್ಲರಿಗೂ ತಿಳಿಯುತ್ತದೆ. ಆದರೆ ಅದು ನಾಗರಿ ಲಿಪಿಯಲ್ಲಿತ್ತು. ಕನ್ನಡ ಶಾಲೆಯಲ್ಲಿ ನಾಲ್ಕನೇತ್ತ ಕಲಿತು ಬಿಟ್ಟವರಿಗೆ ಅದು ಓದಲು ಬರುವುದಿಲ್ಲ. ಜನ ಮುಂದೆ ಬರುತ್ತಿಲ್ಲ ಅಂತ ನಮ್ಮವರೇ ಒಬ್ಬರು ಮೈಕು ಹಿಡಿದು ಕನ್ನಡದಲ್ಲಿ ಕೂಗಿದರು: "ಬರ್ರಿ, ಇಪ್ಪತ್ತು ರೂಪಾಯಿಗೆ ಎರಡು ಲಕ್ಷ!" ಸಾಲು ನಿಂತಿತು. ಸಂಜೆಯೊಳಗೆ ಅರ್ಜಿ ಖಾಲಿ. ಮೇಲಿನವರಿಗೆ ಸಂತೋಷ, ನಮಗೂ ಸಂತೋಷ.

ಮುಂದಿನ ಚಳಿಗಾಲದಲ್ಲಿ ಒಬ್ಬ ಅವ್ವ ಕೌಂಟರಿಗೆ ಬಂದರು. ಗಂಡ ರಾತ್ರಿ ಮಲಗಿದವರು ಬೆಳಿಗ್ಗೆ ಏಳಲಿಲ್ಲ, ಎದೆನೋವು. ವಯಸ್ಸು 46. ಪಾಸ್‌ಬುಕ್ಕು, ಮರಣ ಪ್ರಮಾಣಪತ್ರ ಎಲ್ಲ ಪ್ಲಾಸ್ಟಿಕ್ ಚೀಲದಲ್ಲಿ ನೀಟಾಗಿ ಇಟ್ಟುಕೊಂಡು ಬಂದಿದ್ದರು. ನಾವು ಪಾಸ್‌ಬುಕ್ಕು ತೆರೆದು ನೋಡಿದರೆ ಇದ್ದದ್ದು 20 ರೂಪಾಯಿಯ ಕಡಿತ ಒಂದೇ. ಇದು ಅಪಘಾತಕ್ಕೆ ಮಾತ್ರ ಬರುತ್ತದೆ ಅಂತ ತಿಳಿಸಿ ಹೇಳಿದೆವು. ಅವರು ಅಳಲಿಲ್ಲ, ಸಿಟ್ಟೂ ಮಾಡಲಿಲ್ಲ. "ಅಪಘಾತ ಅಂತ ಅದ್ರಾಗ ಬರದಿತ್ತೇನ್ರಿ? ನೀವು ಮೈಕಿನ್ಯಾಗ ಹೇಳಲಿಲ್ಲಲ್ರೀ ಮತ್ತ" ಅಂದರು.

ಬರೆದಿತ್ತು. ಹೇಳಿರಲಿಲ್ಲ. ಓದಲಾಗದ ಲಿಪಿಯಲ್ಲಿ ಪೂರ್ತಿ ಸತ್ಯ, ತಿಳಿಯುವ ಭಾಷೆಯಲ್ಲಿ ಅರ್ಧ ಸತ್ಯ. ನಿಯಮದ ಪ್ರಕಾರ ನಮ್ಮ ಮೇಲೆ ಯಾರೂ ಬೆರಳು ತೋರಿಸುವಂತಿರಲಿಲ್ಲ. ಆ ಮನುಷ್ಯನ ವಯಸ್ಸಿಗೆ 436ರ ವಿಮೆ ಸಿಗುತ್ತಿತ್ತು, ಖಾತೆಯಲ್ಲಿ ದುಡ್ಡೂ ಇತ್ತು.

ಅಸೈನ್‌ಮೆಂಟ್ ಬರೆಯುವವರು ಇಲ್ಲಿ ಒಂದು ನಿಮಿಷ ನಿಲ್ಲಬೇಕು. 'ಸ್ಥಳೀಯ ಭಾಷೆ ವಿಶ್ವಾಸ ಹುಟ್ಟಿಸುತ್ತದೆ' ಅನ್ನುವುದು ಆ ಶಿಬಿರದಲ್ಲಿ ನೂರಕ್ಕೆ ನೂರು ನಿಜವಾಯಿತು. ಕನ್ನಡದ ಒಂದೇ ಒಂದು ಕೂಗಿಗೆ ಜನ ನಂಬಿ ಸಹಿ ಮಾಡಿದರು. ನಂಬಿಕೆ ಹುಟ್ಟಿಸುವುದು ಸುಲಭ; ಆ ನಂಬಿಕೆಗೆ ತಕ್ಕ ಮಾಹಿತಿಯನ್ನು ಅದೇ ಭಾಷೆಯಲ್ಲಿ ಕೊಟ್ಟಿರಾ ಅನ್ನುವುದು ಕೆಲಸ. ಜಾಹೀರಾತು ಮಾತ್ರ ನಮ್ಮ ಭಾಷೆಯಲ್ಲಿ, ಷರತ್ತು ಇನ್ನೊಂದು ಭಾಷೆಯಲ್ಲಿ ಅಂದರೆ ನಮ್ಮ ಅಭಿಪ್ರಾಯದಲ್ಲಿ ಅದು ಕನ್ನಡ ಬಳಸದೇ ಇರುವುದಕ್ಕಿಂತ ಕೆಟ್ಟದ್ದು. ಪೂರ್ತಿ ಮರಾಠಿಯಲ್ಲೇ ಇದ್ದಿದ್ದರೆ ಆ ಅವ್ವ ಯಾರನ್ನಾದರೂ ಕರೆದುಕೊಂಡು ಬಂದು ಓದಿಸುತ್ತಿದ್ದರು. ಕನ್ನಡ ಕಿವಿಗೆ ಬಿದ್ದದ್ದಕ್ಕೇ ಕೇಳದೆ ಸಹಿ ಮಾಡಿದರು.

ಆಮೇಲೆ ಶಾಖೆಯಲ್ಲಿ ನಾವು ಕನ್ನಡದವರು ಮೂರು ಜನ ಕೂತು ಒಂದು ಹಾಳೆ ಬರೆದೆವು. ಅಚ್ಚು ಹಾಕಿಸಲಿಲ್ಲ, ದಪ್ಪ ಸ್ಕೆಚ್ ಪೆನ್ನಿನಲ್ಲಿ ಬರೆದು ಝೆರಾಕ್ಸ್ ಮಾಡಿಸಿದೆವು. ಮೊದಲ ಸಾಲೇ ಹೀಗಿತ್ತು: '20 ರೂಪಾಯಿಯದು ಅಪಘಾತಕ್ಕೆ ಮಾತ್ರ. ಎದೆನೋವು, ಕಾಮಣಿ, ಕ್ಯಾನ್ಸರಿಗೆ ಇಲ್ಲ.' ಅದರ ಕೆಳಗೆ: 'ಹಾವು ಕಡಿದರೆ, ಗಿಡದಿಂದ ಬಿದ್ದರೆ ಅಪಘಾತವೇ. ಆದರೆ ಕೂಡಲೇ ದವಾಖಾನೆಗೆ ಹೋಗಿ, ಅಲ್ಲಿಯ ಕಾಗದ ಇಟ್ಟುಕೊಳ್ಳಿ.' ಗಾಡಿ ಅಪಘಾತ, ನೀರಲ್ಲಿ ಮುಳುಗಿದ್ದಕ್ಕೆ ಪೊಲೀಸ್ ವರದಿ ಬೇಕು ಅಂತಲೂ ಬರೆದೆವು. ಈ ಹಾವಿನ ಸಾಲು ಬ್ಯಾನರಿನಲ್ಲಿ ಯಾವ ಭಾಷೆಯಲ್ಲೂ ಇರಲಿಲ್ಲ. ಆದರೆ ತೊಗರಿ, ದಾಳಿಂಬೆ ಹೊಲದಲ್ಲಿ ಕೆಲಸ ಮಾಡುವವರಿಗೆ ಅಪಘಾತ ಅಂದರೆ ಮೊದಲು ನೆನಪಾಗುವುದು ಹಾವೇ. ಮಂತ್ರ ಹಾಕಿಸಿ ಮನೆಯಲ್ಲೇ ಇಟ್ಟುಕೊಂಡವರ ಕೇಸಿನಲ್ಲಿ ದವಾಖಾನೆಯ ಕಾಗದ ಇರುವುದಿಲ್ಲ, ಕ್ಲೇಮು ಅಲ್ಲೇ ನಿಲ್ಲುತ್ತದೆ.

ಹಾಳೆ ಹಂಚಿದ ಮೊದಲ ದಿನ ಸಹಿ ಮಾಡಿದವರು ಕಡಿಮೆಯಾದರು. ಮ್ಯಾನೇಜರ್ ಸಾಹೇಬರಿಗೆ ಸ್ವಲ್ಪ ಬೇಜಾರು. ಬಂದವರು ಸಹಿ ಮಾಡುವ ಬದಲು ಪ್ರಶ್ನೆ ಕೇಳಿದರು. "ಹಂಗಾರ ನಮ್ಮ ಮಾವಗ ಐವತ್ತೆರಡು, ಅವ್ರಿಗಿ 436ರದು ಇಲ್ಲೇನ್ರಿ?" "ಎರಡೂ ಮಾಡಸ್ಬಹುದೇನ್ರಿ?" "ನನ್ನ ಖಾತೆ ಎರಡು ಬ್ಯಾಂಕಿನ್ಯಾಗ ಐತಿ, ಎರಡೂ ಕಡಿ ಕಟ್ ಆದ್ರ ನಾಕು ಲಕ್ಷ ಬರ್ತದೇನ್ರಿ?" (ಬರುವುದಿಲ್ಲ. ಒಬ್ಬರಿಗೆ ಒಂದು ಖಾತೆಯ ಮೂಲಕ ಒಂದೇ. ಮೈಕಿನ ಸಾಲಿನಲ್ಲಿ ನಿಂತವರು ಯಾರೂ ಇದನ್ನು ಕೇಳಿರಲಿಲ್ಲ.)

ವಿಶ್ವಾಸವನ್ನು ಅಳೆಯುವುದು ಹೇಗೆ ಅಂತ ಹುಡುಗ ಕೇಳಿದ. ಪುಸ್ತಕದಲ್ಲಿ ಒಂದರಿಂದ ಐದರ ತನಕ ಅಂಕ ಹಾಕಿಸುವ ಪ್ರಶ್ನಾವಳಿ ಇರುತ್ತದೆ. ನಮ್ಮ ಊರಲ್ಲಿ ಅದನ್ನು ಹಿಡಿದುಕೊಂಡು ಹೋದರೆ ಎಲ್ಲರೂ ಐದೇ ಹಾಕುತ್ತಾರೆ, ಹುಡುಗ ಪಾಸಾಗಲಿ ಅಂತ. ಕೌಂಟರಿನಲ್ಲಿ ನಾವು ಕಂಡದ್ದು ಬೇರೆ. ಸಹಿ ಮಾಡಿದವರ ಸಂಖ್ಯೆ ವಿಶ್ವಾಸದ ಲೆಕ್ಕವಲ್ಲ. ಜನ ಎಷ್ಟು ಪ್ರಶ್ನೆ ಕೇಳುತ್ತಾರೆ, ಮತ್ತು ಮೇ ಕೊನೆಯ ವಾರದಲ್ಲಿ ಎಷ್ಟು ಜನ ತಾವಾಗಿಯೇ ಖಾತೆಯಲ್ಲಿ 436 ರೂಪಾಯಿ ಉಳಿಸಿ "ನಂದು ಕಟ್ ಆಯ್ತೇನ್ರಿ ಸಾಹೇಬ್ರ?" ಅಂತ ಕೇಳಲು ಬರುತ್ತಾರೆ, ಅದು ಲೆಕ್ಕ. ಮೈಕು ಕೇಳಿ ಸೇರಿದವರ ಖಾತೆಯಲ್ಲಿ ಮೇ ತಿಂಗಳಲ್ಲಿ ದುಡ್ಡೇ ಇರುವುದಿಲ್ಲ, ವಿಮೆ ಸುಮ್ಮನೆ ನಿಂತುಹೋಗುತ್ತದೆ, ಅವರಿಗೆ ಗೊತ್ತೂ ಆಗುವುದಿಲ್ಲ.

ಇನ್ನು, ಕನ್ನಡ ಅಂದರೆ ಯಾವ ಕನ್ನಡ ಅನ್ನುವ ತಕರಾರು. ಇದನ್ನು ಕನ್ನಡ ಸಂಘದವರು ಮುಚ್ಚಿಡುತ್ತಾರೆ, ನಾವು ಮುಚ್ಚಿಡುವುದಿಲ್ಲ. ಒಮ್ಮೆ ಗಡಿಯಾಚೆಯ ಶಾಖೆಯಿಂದ ಬೆಳೆ ಸಾಲದ ಕನ್ನಡ ಕರಪತ್ರ ತರಿಸಿಕೊಂಡೆವು. ಖುಷಿಯಿಂದ ಹಂಚಿದೆವು. ಅದರಲ್ಲಿ 'ಪಹಣಿ ಮತ್ತು ಗ್ರಾಮ ಲೆಕ್ಕಾಧಿಕಾರಿಗಳ ದೃಢೀಕರಣದೊಂದಿಗೆ ಬನ್ನಿ' ಅಂತಿತ್ತು. ನಮ್ಮ ರೈತರ ಕೈಯಲ್ಲಿರುವುದು ಪಹಣಿ ಅಲ್ಲ, ಸಾತ್‌ಬಾರಾ ಉತಾರಾ. ಅದನ್ನು ಕೊಡುವವರು ಗ್ರಾಮ ಲೆಕ್ಕಾಧಿಕಾರಿ ಅಲ್ಲ, ತಲಾಠಿ. ಒಬ್ಬ ಕಾಕಾ ಕರಪತ್ರ ಓದಿ, "ಇದು ಇಂಡಿ, ವಿಜಾಪುರ ಕಡೀ ಮಂದಿಗಿ ಐತಿ, ನಮಗಲ್ಲ" ಅಂತ ಮೇಜಿನ ಮೇಲೆ ಇಟ್ಟು ಹೋದರು. ಅಕ್ಷರ ತಮ್ಮದೇ, ಓದಲೂ ಬಂತು, ಆದರೂ ನಂಬಿಕೆ ಬರಲಿಲ್ಲ. ಕಾಗದದ ಹೆಸರು ತಪ್ಪಾದರೆ ಇದು ನಮ್ಮ ಊರಿಗೆ ಬಂದ ಮಾತಲ್ಲ ಅಂತ ರೈತನಿಗೆ ಒಂದೇ ಕ್ಷಣದಲ್ಲಿ ಗೊತ್ತಾಗುತ್ತದೆ. ಕಾಸರಗೋಡಿನವರಿಗೂ ಹೊಸೂರಿನವರಿಗೂ ಇದೇ. ದಾಖಲೆಯ ಹೆಸರು ಆ ರಾಜ್ಯದ್ದು ಇರಬೇಕು, ವಾಕ್ಯ ಕನ್ನಡದ್ದು ಇರಬೇಕು. ಅಂಥದ್ದನ್ನು ಬೆಂಗಳೂರಿನಲ್ಲಿ ಕೂತು ಬರೆಯಲಾಗದು, ಮುಂಬೈಯಲ್ಲಿ ಕೂತಂತೂ ಆಗದು. ಆ ಊರಿನವರೇ ಬರೆಯಬೇಕು.

ಹಾಗಂತ ಆಡುಮಾತೇ ಎಲ್ಲ ಕಡೆ ಸರಿ ಅಂತಲೂ ಅಲ್ಲ. ನಮ್ಮ ಹಾಳೆಯಲ್ಲಿ ಮೊದಲು ನಾಮಿನಿಗೆ 'ವಾರಸದಾರ' ಅಂತ ಬರೆದಿದ್ದೆವು, ಎಲ್ಲರಿಗೂ ತಿಳಿಯುತ್ತದೆ ಅಂತ. ಆಮೇಲೆ ತೆಗೆದೆವು. ಬ್ಯಾಂಕಿನ ಠೇವಣಿಯಲ್ಲಿ ನಾಮಿನಿ ಅಂದರೆ ದುಡ್ಡನ್ನು ಪಡೆದುಕೊಳ್ಳುವವರು. ಕಾನೂನಿನ ವಾರಸದಾರರು ಬೇರೆ ಇದ್ದರೆ ಅವರ ಪಾಲು ಹೋಗುವುದಿಲ್ಲ. ಅಣ್ಣತಮ್ಮಂದಿರ ನಡುವೆ ಈ ಒಂದು ಶಬ್ದದಿಂದ ಜಗಳ ಆದದ್ದನ್ನು ಕಂಡಿದ್ದೇವೆ. ಹಾಗಾಗಿ 'ನಾಮಿನಿ' ಅಂತಲೇ ಇಟ್ಟು, ಪಕ್ಕದಲ್ಲಿ 'ದುಡ್ಡು ಇವರ ಕೈಗೆ ಕೊಡುತ್ತೇವೆ' ಅಂತ ಬರೆದೆವು.

ಪುಸ್ತಕದ ವಿದ್ಯೆಯ ಕಡೆ ಬರೋಣ, ಅಸೈನ್‌ಮೆಂಟಿಗೆ ಅದೂ ಬೇಕಲ್ಲ. ಅಮೆರಿಕದಲ್ಲಿ ಸ್ಪ್ಯಾನಿಷ್ ಆಡುವ ಜನರ ಮೇಲೆ ಕಾಸ್ಲೋ, ಶಾಮದಾಸಾನಿ, ಟಚ್‌ಸ್ಟೋನ್ ಅನ್ನುವ ಮೂವರು 1994ರಲ್ಲಿ ಜರ್ನಲ್ ಆಫ್ ಕನ್ಸ್ಯೂಮರ್ ರಿಸರ್ಚ್‌ನಲ್ಲಿ ಬರೆದ ಒಂದು ಅಧ್ಯಯನ ಇದೆ. ನಮ್ಮ ಪರಿಸ್ಥಿತಿಗೆ ಇದಕ್ಕಿಂತ ಹತ್ತಿರದ್ದು ನಮಗೆ ಸಿಕ್ಕಿಲ್ಲ, ಯಾಕೆಂದರೆ ಅದು ಇನ್ನೊಂದು ಭಾಷೆಯ ನಾಡಿನಲ್ಲಿ ಬದುಕುವ ಅಲ್ಪಸಂಖ್ಯಾತರ ಬಗ್ಗೆ. ಅವರು ಕಂಡದ್ದು ಎರಡು. ಜಾಹೀರಾತಿನಲ್ಲಿ ಸ್ಪ್ಯಾನಿಷ್ ಇದ್ದರೆ, 'ಈ ಕಂಪನಿ ನಮ್ಮವರನ್ನು ಗೌರವಿಸುತ್ತದೆ' ಅನ್ನುವ ಭಾವ ಜನರಲ್ಲಿ ಬಂತು, ಆ ಭಾವದಿಂದ ಜಾಹೀರಾತೂ ಇಷ್ಟವಾಯಿತು. ಅಂದರೆ ಅರ್ಥವಾಗುವುದಷ್ಟೇ ಅಲ್ಲ, ನಮಗಾಗಿ ಇಷ್ಟು ಶ್ರಮ ಪಟ್ಟರಲ್ಲ ಅನ್ನುವುದೂ ಕೆಲಸ ಮಾಡುತ್ತದೆ. ಇಂಗ್ಲಿಷ್ ಚೆನ್ನಾಗಿ ಬಲ್ಲವರಲ್ಲೂ ಇದು ಆಗಬಹುದು ಅನ್ನುವುದಕ್ಕೆ ಕಾರಣ ಇಲ್ಲೇ ಇದೆ.

ಎರಡನೆಯದು ಕಹಿ. ಬರೀ ಸ್ಪ್ಯಾನಿಷ್‌ನಲ್ಲಿ ಮಾಡಿದ ಜಾಹೀರಾತು ಪೂರ್ತಿ ಗೆಲ್ಲಲಿಲ್ಲ. ತಮ್ಮ ಭಾಷೆ ಕೀಳು ಅಂತ ಸುತ್ತಲಿನವರಿಂದ ಕೇಳಿ ಕೇಳಿ ಬೆಳೆದವರಲ್ಲಿ ಅದು ಒಂದು ಅಳುಕನ್ನೂ ಎಬ್ಬಿಸಿತು. ಇದನ್ನು ಓದಿದಾಗ ನಮಗೆ ನಮ್ಮದೇ ನೆನಪಾಯಿತು. ಶಾಖೆಯಲ್ಲಿ ಕನ್ನಡದ ಹಾಳೆ ಇಟ್ಟಾಗ ಮೊದಲು ಕೈ ಹಾಕಿದವರು ಮುದುಕರು, ಹೆಂಗಸರು. ಕಾಲೇಜಿನ ಹುಡುಗರು ಪಕ್ಕದಲ್ಲಿ ಗೆಳೆಯರಿದ್ದರೆ ಮರಾಠಿಯದೋ ಇಂಗ್ಲಿಷಿನದೋ ಎತ್ತಿಕೊಳ್ಳುತ್ತಿದ್ದರು. ಒಬ್ಬರೇ ಬಂದ ದಿನ ಕನ್ನಡದ್ದು ಕೇಳುತ್ತಿದ್ದರು. ಬೈಯುತ್ತಿಲ್ಲ, ನಾವೂ ಆ ವಯಸ್ಸಿನಲ್ಲಿ ಅದನ್ನೇ ಮಾಡಿದ್ದೇವೆ. ಆದರೆ ಪ್ರಶ್ನಾವಳಿ ಮಾಡುವ ಹುಡುಗರು ಗಮನಿಸಿ: ಗುಂಪಿನಲ್ಲಿ ನಿಲ್ಲಿಸಿ 'ಯಾವ ಭಾಷೆಯ ಜಾಹೀರಾತು ಬೇಕು' ಅಂತ ಕೇಳಿದರೆ ಒಂದು ಉತ್ತರ, ಒಬ್ಬೊಬ್ಬರನ್ನೇ ಕೇಳಿದರೆ ಇನ್ನೊಂದು. ಕಂಪನಿಯವರು ಮೊದಲನೆಯದನ್ನು ನೋಡಿ 'ಇಲ್ಲಿ ಕನ್ನಡಕ್ಕೆ ಬೇಡಿಕೆ ಇಲ್ಲ' ಅಂತ ಬರೆದುಕೊಂಡು ಹೋಗುತ್ತಾರೆ.

ಬ್ಯಾಂಕಿನವರ ಕಡೆಯ ಉತ್ತರವನ್ನೂ ಹೇಳಬೇಕು. ನಮ್ಮ ಮೇಲಿನವರು ಎರಡು ಕಾರಣ ಕೊಡುತ್ತಾರೆ. ಮೊದಲನೆಯದು ನಿಯಮ. ಖಾತೆ ತೆರೆಯುವ ಅರ್ಜಿ, ಚಲನ್, ಪಾಸ್‌ಬುಕ್ಕು, ಸೂಚನಾ ಫಲಕ ಇವೆಲ್ಲ ಇಂಗ್ಲಿಷ್, ಹಿಂದಿ ಮತ್ತು ಸಂಬಂಧಪಟ್ಟ ಪ್ರಾದೇಶಿಕ ಭಾಷೆಯಲ್ಲಿ ಇರಬೇಕು ಅಂತ ರಿಸರ್ವ್ ಬ್ಯಾಂಕಿನ ಗ್ರಾಹಕ ಸೇವೆಯ ಸುತ್ತೋಲೆಗಳು ಹೇಳುತ್ತವೆ. ಮೂರನೆಯ ಜಾಗದಲ್ಲಿ ರಾಜ್ಯದ ಭಾಷೆ ಕೂರುತ್ತದೆ. ಸರಿ, ಕೂರಲಿ. ಆದರೆ ನಾಲ್ಕನೆಯ ಭಾಷೆ ಬೇಡ ಅಂತ ಸುತ್ತೋಲೆಯಲ್ಲಿ ಎಲ್ಲೂ ಇಲ್ಲ. ಈ ಎರಡು ವಿಮೆಗಳ ಕನ್ನಡ ಅರ್ಜಿ jansuraksha.gov.in ತಾಣದಲ್ಲೇ ಇದೆ, ತೆಗೆದು ಪ್ರಿಂಟ್ ಹಾಕುವುದಷ್ಟೇ ಕೆಲಸ. ಸರ್ಕಾರದ ಕಚೇರಿಗಳಿಗಂತೂ ಭಾಷಾ ಅಲ್ಪಸಂಖ್ಯಾತರು ನೂರಕ್ಕೆ 15 ಅಥವಾ ಹೆಚ್ಚು ಇರುವ ಕಡೆ ಮುಖ್ಯ ಸೂಚನೆಗಳನ್ನು ಅವರ ಭಾಷೆಯಲ್ಲೂ ಕೊಡಬೇಕು ಅನ್ನುವ ಒಪ್ಪಿತ ರಕ್ಷಣೆ ಇದೆ. ಅದು ಬ್ಯಾಂಕು-ಕಂಪನಿಗಳನ್ನು ಕಟ್ಟಿಹಾಕುವುದಿಲ್ಲ ಅನ್ನುವುದು ನಿಜ, ಇದನ್ನು ಬೆರೆಸಿ ಬರೆಯಬೇಡಿ.

ಎರಡನೆಯ ಕಾರಣ ಖರ್ಚು, ಮುಖ್ಯವಾಗಿ ಎಸ್‌ಎಂಎಸ್‌ನದು. ಇದರಲ್ಲಿ ಹುರುಳಿದೆ. ಇಂಗ್ಲಿಷ್ ಅಕ್ಷರದ ಒಂದು ಎಸ್‌ಎಂಎಸ್‌ನಲ್ಲಿ 160 ಅಕ್ಷರ ಹಿಡಿಯುತ್ತದೆ, ಕನ್ನಡದ ಯೂನಿಕೋಡ್‌ನಲ್ಲಿ 70 ಮಾತ್ರ. ಅದರಲ್ಲೂ ಗುಣಿತ, ಒತ್ತು ಎಲ್ಲ ಬೇರೆ ಬೇರೆ ಎಣಿಕೆ. 'ನಿಮ್ಮ' ಅಂದರೆ ನಮ್ಮ ಕಣ್ಣಿಗೆ ಎರಡು ಅಕ್ಷರ, ಮೊಬೈಲಿಗೆ ಐದು. 70 ದಾಟಿದರೆ ಎರಡು ಎಸ್‌ಎಂಎಸ್‌ನ ದುಡ್ಡು. ಇಂಗ್ಲಿಷಿನ ಉದ್ದ ಸಂದೇಶವನ್ನು ಹಾಗೇ ಕನ್ನಡಕ್ಕೆ ಇಳಿಸಿದರೆ ಮೂರು ಪಟ್ಟು ಖರ್ಚು ಬರುವುದು ಹೀಗೆ. ಆದರೆ ಮೊದಲಿನಿಂದಲೇ ಕನ್ನಡದಲ್ಲಿ ಯೋಚಿಸಿ ಬರೆದರೆ? 'ನಿಮ್ಮ ಖಾತೆಯಿಂದ 20 ರೂ. ವಿಮೆಗೆ ಕಡಿತ. ಅಪಘಾತಕ್ಕೆ ಮಾತ್ರ.' ಎಣಿಸಿ ನೋಡಿದೆವು, ಖಾಲಿ ಜಾಗ, ಚುಕ್ಕೆ ಸೇರಿ 51. ಒಂದೇ ಎಸ್‌ಎಂಎಸ್. ಆ ಅವ್ವನ ಮನೆಯ ಫೋನಿಗೆ ಈ 51 ಗುರುತು ಬಂದಿದ್ದರೆ ಮಗಳು ಓದಿ ಹೇಳುತ್ತಿದ್ದಳು.

ಬ್ಯಾಂಕು ಕನ್ನಡದಲ್ಲಿ ಮಾತಾಡದಿದ್ದರೆ ಏನಾಗುತ್ತದೆ? ಜಾಗ ಖಾಲಿ ಉಳಿಯುವುದಿಲ್ಲ, ಬೇರೆಯವರು ಬಂದು ಕೂರುತ್ತಾರೆ. ನಮ್ಮ ಭಾಗದಲ್ಲಿ ಕೆಲವು ವರ್ಷ ಒಂದು ಠೇವಣಿ ಯೋಜನೆಯವರು ಮನೆ ಮನೆ ತಿರುಗಿದರು. ಕರಪತ್ರ ಕನ್ನಡ, ಏಜೆಂಟು ಕನ್ನಡ, ಅದೂ ನಮ್ಮ ಊರಿನ ಕನ್ನಡ. "ಅಕ್ಕಾರ, ಚಾ ಕುಡಸ್ರಿ" ಅಂತ ಕಟ್ಟೆ ಮೇಲೆ ಕೂರುತ್ತಿದ್ದ. ಬ್ಯಾಂಕಿನಲ್ಲಿ ಅರ್ಜಿ ತುಂಬಿಸಿಕೊಳ್ಳಲು ಇನ್ನೊಬ್ಬರ ಕಾಲು ಹಿಡಿಯಬೇಕಾದ ಹೆಂಗಸರಿಗೆ ಇವನೇ ಬ್ಯಾಂಕು. ರಸೀದಿ ಮಾತ್ರ ಇಂಗ್ಲಿಷಿನಲ್ಲಿತ್ತು, ಅದರ ಮೇಲಿದ್ದ ಹೆಸರು ಕರಪತ್ರದ ಹೆಸರಿಗಿಂತ ಬೇರೆ ಇತ್ತು. ಕಚೇರಿಗೆ ಬೀಗ ಬಿದ್ದ ಮೇಲೆ ಆ ರಸೀದಿ ಹಿಡಿದುಕೊಂಡು ಜನ ನಮ್ಮ ಕೌಂಟರಿಗೆ ಬಂದರು, ಓದಿ ಹೇಳ್ರಿ ಅಂತ.

ಆದ್ದರಿಂದ ಸ್ಥಳೀಯ ಭಾಷೆ ವಿಶ್ವಾಸ ಹುಟ್ಟಿಸುತ್ತದೆ ಅನ್ನುವುದನ್ನು ಹೊಗಳಿಕೆಯಾಗಿ ಬರೆದರೆ ಅರ್ಧ ಬರೆದಂತೆ. ಮೋಸ ಮಾಡುವವನಿಗೂ ಅದೇ ಸೂತ್ರ ಗೊತ್ತು, ಅವನು ಬ್ಯಾಂಕಿಗಿಂತ ಮೊದಲೇ ಕಲಿತಿದ್ದಾನೆ. ಗುರುತು ಹಿಡಿಯಲು ನಾವು ಊರಿನವರಿಗೆ ಹೇಳುವುದು ಒಂದೇ. ಬ್ಯಾನರು ಯಾವ ಭಾಷೆಯಲ್ಲಿದೆ ಅಂತ ನೋಡಬೇಡಿ, ಅದು ಎಲ್ಲರೂ ಮಾಡುತ್ತಾರೆ. ರಸೀದಿ, ಷರತ್ತು, ದೂರು ಕೊಡುವ ನಂಬರು ಇವು ಮೂರು ಯಾವ ಭಾಷೆಯಲ್ಲಿವೆ ನೋಡಿ. ಯಾರೇ ಠೇವಣಿ ಕೇಳಿಕೊಂಡು ಬಂದರೂ ಅವರಿಗೆ ದುಡ್ಡು ತೆಗೆದುಕೊಳ್ಳುವ ಅನುಮತಿ ಇದೆಯೇ ಅಂತ ರಿಸರ್ವ್ ಬ್ಯಾಂಕಿನ sachet.rbi.org.in ತಾಣದಲ್ಲಿ ಹೆಸರು ಹಾಕಿ ನೋಡಬಹುದು. ಬ್ಯಾಂಕಿನ ಮೇಲೇ ದೂರಿದ್ದರೆ ಮೊದಲು ಶಾಖೆಗೆ ಬರೆದು ಕೊಡಿ, ಸ್ವೀಕೃತಿ ಪಡೆಯಿರಿ, 30 ದಿನದಲ್ಲಿ ಉತ್ತರ ಬರದಿದ್ದರೆ ಅಥವಾ ಉತ್ತರ ಸಮಾಧಾನ ಕೊಡದಿದ್ದರೆ ಒಂಬುಡ್ಸ್‌ಮನ್ ಬಳಿ ಹೋಗಬಹುದು. 14448ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲಿ ಕೇಳಬಹುದು. ಮಹಾರಾಷ್ಟ್ರದಿಂದ ಮಾಡಿದರೂ ಸರಿ, ಕೇರಳದಿಂದ ಮಾಡಿದರೂ ಸರಿ, ಭಾಷೆ ಆರಿಸುವವರು ನೀವು.

ಹುಡುಗ ಎಲ್ಲ ಬರೆದುಕೊಂಡ. ಕೊನೆಗೆ, "ಸರ್, ಇದಕ್ಕ ಅಂಕಿ ಸಂಖ್ಯೆ ಇಲ್ಲಲ್ರೀ, ಮೇಡಂ ಒಪ್ತಾರೇನ್ರಿ?" ಅಂದ. ಅಂಕಿ ನೀನೇ ತಾ ಅಂದೆವು. ಮೇ ಕೊನೆಯ ವಾರ ಶಾಖೆಯ ಹೊರಗೆ ಬೆಂಚಿನ ಮೇಲೆ ಕೂತು, ವಿಮೆ ಮಾಡಿಸಿದವರು ಬಂದಾಗ ಒಬ್ಬೊಬ್ಬರನ್ನೇ ಎರಡು ಪ್ರಶ್ನೆ ಕೇಳು: ನಿಮ್ಮದು 20ರದೋ 436ರದೋ? ಎದೆನೋವಿಂದ ಸತ್ತರೆ ದುಡ್ಡು ಬರುತ್ತದೋ ಇಲ್ಲವೋ? ಆಮೇಲೆ, ಅವರಿಗೆ ಅದನ್ನು ತಿಳಿಸಿದ್ದು ಯಾವ ಭಾಷೆಯಲ್ಲಿ ಅಂತ ಬರೆದುಕೋ. ಮರಾಠಿ ಬ್ಯಾನರು ನೋಡಿದವರು, ಮೈಕಿನ ಕೂಗು ಕೇಳಿದವರು, ನಮ್ಮ ಹಾಳೆ ಓದಿದವರು ಅಂತ ಮೂರು ಗುಂಪು ತಾನಾಗಿ ಆಗುತ್ತದೆ. ಕಾಸರಗೋಡು, ತಾಳವಾಡಿ, ಅಕ್ಕಲಕೋಟೆ, ಆದೋನಿ ಕಡೆಯ ಕಾಮರ್ಸ್ ಹುಡುಗ-ಹುಡುಗಿಯರು ಯಾರಾದರೂ ತಮ್ಮ ಊರಿನ ಶಾಖೆಯಲ್ಲಿ ಇದನ್ನೇ ಮಾಡುವುದಾದರೆ ನಮ್ಮ ಹಾಳೆಯ ಫೋಟೋ ಕಳಿಸುತ್ತೇವೆ. ಅದರಲ್ಲಿ ಸಾತ್‌ಬಾರಾ, ತಲಾಠಿ ಇರುವ ಸಾಲು ತೆಗೆದು ನಿಮ್ಮ ಕಡೆಯ ಹೆಸರು ಹಾಕಿಕೊಳ್ಳಿ. ಹಾವಿನ ಸಾಲು ಮಾತ್ರ ಹಾಗೇ ಇರಲಿ.